ಕ್ರೆಡಿಟ್ ಕಾರ್ಡಿನಿಂದ ಬಾಡಿಗೆ ಕಡಿತವಾಗಿದೆ, ಮಾಲೀಕರಿಗೆ ತಲುಪಿಲ್ಲ: ಹಣ ಎಲ್ಲಿದೆ?

ಬಿಜೈ ಬಾಡಿಗೆದಾರ

ಮಂಗಳೂರಿನ ಬಿಜೈಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಮಾಲೀಕರು ದುಬೈಯಲ್ಲಿದ್ದಾರೆ. ತಿಂಗಳ ಬಾಡಿಗೆ 18,000 ರೂಪಾಯಿಯನ್ನು ಒಂದು ಆ್ಯಪ್ ಮೂಲಕ ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತೇನೆ. ಈ ಸಲ 2ನೇ ತಾರೀಖು ಕಟ್ಟಿದೆ. ಬಾಡಿಗೆ 18,000, ಆ್ಯಪ್ ಶುಲ್ಕ 270, ಅದರ ಮೇಲೆ ಜಿಎಸ್‌ಟಿ 48.60, ಒಟ್ಟು 18,318.60 ರೂಪಾಯಿ ಕಾರ್ಡಿನಲ್ಲಿ ಕಡಿತವಾಗಿದೆ. ಆ್ಯಪ್‌ನಲ್ಲಿ ಹಸಿರು ಗುರುತಿನೊಂದಿಗೆ ‘ಪಾವತಿ ಯಶಸ್ವಿ’ ಎಂದೇ ಇದೆ.

ವಾರ ಕಳೆದ ಮೇಲೆ ಮಾಲೀಕರು ಫೋನ್ ಮಾಡಿ ಬಾಡಿಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ರಸೀದಿಯ ಸ್ಕ್ರೀನ್‌ಶಾಟ್ ಕಳುಹಿಸಿದೆ. ‘ಚಿತ್ರ ಬಂದಿದೆ, ದುಡ್ಡು ಬಂದಿಲ್ಲ’ ಎಂದರು. ಕಾರ್ಡಿನ ಬ್ಯಾಂಕಿಗೆ ಕರೆ ಮಾಡಿದರೆ ವ್ಯವಹಾರ ಯಶಸ್ವಿಯಾಗಿದೆ, ವ್ಯಾಪಾರಿಯನ್ನು ಕೇಳಿ ಎನ್ನುತ್ತಾರೆ. ಆ್ಯಪ್‌ನ ಚಾಟ್‌ನಲ್ಲಿ ನಮ್ಮ ಕಡೆಯಿಂದ ಆಗಿದೆ, ಮಾಲೀಕರ ಬ್ಯಾಂಕನ್ನು ಕೇಳಿ ಎನ್ನುತ್ತಾರೆ. ಮಾಲೀಕರ ಬ್ಯಾಂಕಿನವರು ನನ್ನ ಬಳಿ ಮಾತನಾಡುವುದೇ ಇಲ್ಲ, ನಾನು ಅವರ ಗ್ರಾಹಕನಲ್ಲವಲ್ಲ.

ಯಾರನ್ನು ಹಿಡಿಯಬೇಕು? ಮಾಲೀಕರಿಗೆ ಇನ್ನೊಮ್ಮೆ ಬಾಡಿಗೆ ಕೊಡಬೇಕೇ? ಕಾರ್ಡಿನ ಬಿಲ್ಲು 20ಕ್ಕೆ ಕಟ್ಟಬೇಕು.

ಕುಂಜಿಬೆಟ್ಟು ಕಿರಣ

ಚಿಂತೆ ಬೇಡ, ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. 2019ರ ಸೆಪ್ಟೆಂಬರ್ ಸುತ್ತೋಲೆ. ಹಣ ಕಡಿತವಾಗಿ ವ್ಯಾಪಾರಿಗೆ ತಲುಪದಿದ್ದರೆ ವ್ಯವಹಾರ ನಡೆದ ದಿನದಿಂದ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನೀವು ಕೇಳಬೇಕೆಂದೂ ಇಲ್ಲ, ಬ್ಯಾಂಕೇ ಕೊಡಬೇಕು. ಒಂದು ತಿಂಗಳು ಎಳೆದರೆ ನಿಮಗೇ ಲಾಭ, ಸುಮ್ಮನೆ ಕುಳಿತಿರಿ.

ಸುರತ್ಕಲ್ ಎಕ್ಸ್‌ಪ್ರೆಸ್

ಇದು ಸೈಬರ್ ವಂಚನೆ. ತಕ್ಷಣ 1930ಕ್ಕೆ ಕರೆ ಮಾಡಿ, ಕಾರ್ಡ್ ಬ್ಲಾಕ್ ಮಾಡಿಸಿ. ಆ್ಯಪ್‌ಗಳನ್ನು ನಂಬಬಾರದು ಎಂದು ನಾನು ಎಷ್ಟು ಸಲ ಬರೆದಿದ್ದೇನೆ!

ಕ್ಲಿಯರಿಂಗ್ ಭಟ್

ಬ್ಯಾಂಕಿನ ಹಣ ರವಾನೆ ವಿಭಾಗದಲ್ಲಿ ಸೇವೆ ಮುಗಿಸಿ ನಿವೃತ್ತನಾದವನು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ನೀವು ಮಾಡಿದ್ದು ಒಂದು ಪಾವತಿ ಎಂದು ನಿಮಗೆ ಕಾಣುತ್ತದೆ, ನಿಜವಾಗಿ ನಡೆದಿರುವುದು ಎರಡು. ಮೊದಲನೆಯದರಲ್ಲಿ ನಿಮ್ಮ ಕಾರ್ಡಿನಿಂದ ಆ್ಯಪ್ ಕಂಪನಿಗೆ ಹಣ ಹೋಗುತ್ತದೆ. ಇಲ್ಲಿ ವ್ಯಾಪಾರಿ ಎಂದರೆ ಆ್ಯಪ್ ಕಂಪನಿ, ನಿಮ್ಮ ಮಾಲೀಕರಲ್ಲ. ಆ ಹಣ ಕಂಪನಿ ಒಂದು ಬ್ಯಾಂಕಿನಲ್ಲಿ ಇಟ್ಟಿರುವ ಎಸ್ಕ್ರೊ ಖಾತೆಗೆ, ಅಂದರೆ ಬೇರೆಯವರಿಗೆ ತಲುಪಿಸಬೇಕಾದ ಹಣವನ್ನು ಇಡುವ ಖಾತೆಗೆ, ಸೇರುತ್ತದೆ. ಎರಡನೆಯದರಲ್ಲಿ ಆ ಎಸ್ಕ್ರೊ ಖಾತೆಯಿಂದ ನಿಮ್ಮ ಮಾಲೀಕರ ಖಾತೆಗೆ ಎನ್‌ಇಎಫ್‌ಟಿ ಅಥವಾ ಐಎಂಪಿಎಸ್ ಮೂಲಕ ಹಣ ಹೊರಡುತ್ತದೆ. ಇದರಲ್ಲಿ ಕಾರ್ಡಿಗೆ ಯಾವ ಪಾತ್ರವೂ ಇಲ್ಲ, ಅದು ಸಾಮಾನ್ಯ ಬ್ಯಾಂಕ್ ವರ್ಗಾವಣೆ. ಆ್ಯಪ್‌ನಲ್ಲಿ ಕಾಣುವ ಹಸಿರು ಗುರುತು ಹೆಚ್ಚಿನ ಸಂದರ್ಭಗಳಲ್ಲಿ ಮೊದಲನೆಯದರದ್ದು.

ಆದ್ದರಿಂದ ಮೂವರೂ ನಿಮಗೆ ಹೇಳಿದ್ದು ಸುಳ್ಳೇನಲ್ಲ. ಒಬ್ಬೊಬ್ಬರೂ ತಮ್ಮ ತುಂಡಿನ ಕಥೆ ಹೇಳಿ ಕೈತೊಳೆದುಕೊಂಡಿದ್ದಾರೆ, ಅಷ್ಟೆ.

ಕಿರಣ್ ಅವರೇ, ನೀವು ಹೇಳಿದ ಸುತ್ತೋಲೆ ಇರುವುದು ನಿಜ, 100 ರೂಪಾಯಿಯೂ ನಿಜ. ಆದರೆ ಕಾರ್ಡ್ ವಿಷಯದಲ್ಲಿ ಅದು ಅನ್ವಯಿಸುವುದು ಹಣ ಕಡಿತವಾಗಿಯೂ ವ್ಯಾಪಾರಿಯ ವ್ಯವಸ್ಥೆಗೆ ಖಚಿತತೆ ತಲುಪದಿದ್ದಾಗ. ಇಲ್ಲಿ ವ್ಯಾಪಾರಿಗೆ, ಅಂದರೆ ಆ್ಯಪ್‌ಗೆ, ಅದು ತಲುಪಿದೆ. ಹಾಗಾಗಿ ಕಾರ್ಡಿನ ಬ್ಯಾಂಕ್ ಈ ನಿಯಮದಡಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ‘ಸುಮ್ಮನೆ ಕುಳಿತಿರಿ’ ಎಂಬ ಸಲಹೆಯನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ತಾನಾಗಿ ವಾಪಸ್ ಬರುವ ಏರ್ಪಾಡು ಇಲ್ಲಿ ಇಲ್ಲ.

ಈಗ ನೀವು ಮಾಡಬೇಕಾದದ್ದು ಒಂದೇ. ಎರಡನೆಯ ವರ್ಗಾವಣೆಯ ಯುಟಿಆರ್ ಸಂಖ್ಯೆಯನ್ನು, ಅಂದರೆ ಬ್ಯಾಂಕುಗಳು ಆ ವರ್ಗಾವಣೆಯನ್ನು ಗುರುತಿಸುವ ಸಂಖ್ಯೆಯನ್ನು, ಆ್ಯಪ್‌ನವರಿಂದ ಬರವಣಿಗೆಯಲ್ಲಿ ಪಡೆಯಿರಿ. ಯುಟಿಆರ್ ಇಲ್ಲವೆಂದಾದರೆ ಹಣ ಅವರ ಎಸ್ಕ್ರೊ ಖಾತೆಯಿಂದ ಹೊರಟೇ ಇಲ್ಲ. ಇದೆ ಎಂದಾದರೆ ಮಾಲೀಕರು ಅದನ್ನು ತಮ್ಮ ಬ್ಯಾಂಕಿಗೆ ಕೊಟ್ಟರೆ ಸಾಕು, ಬಂದಿದೆಯೇ, ಬೇರೆ ಖಾತೆಗೆ ಹೋಗಿದೆಯೇ, ಹಿಂದಿರುಗಿಸಿದ್ದಾರೆಯೇ ಎಂದು ಅಲ್ಲಿ ತಿಳಿಯುತ್ತದೆ.

ಸುರತ್ಕಲ್‌ನವರೇ, 1930 ಇರುವುದು ವಂಚನೆಗೆ. ಇಲ್ಲಿ ಪಾವತಿ ಮಾಡಿದ್ದು ಅವರೇ, ಆ್ಯಪ್ ಹಿಂದಿನ ತಿಂಗಳುಗಳಲ್ಲಿ ಸರಿಯಾಗಿಯೇ ಕೆಲಸ ಮಾಡಿದೆ. ಆದರೆ ಒಂದು ಎಚ್ಚರಿಕೆಗೆ ನಿಮ್ಮ ಮಾತು ಬಂದ ಸಮಯ ಸರಿಯಾಗಿದೆ: ಆ್ಯಪ್‌ನ ‘ಕಸ್ಟಮರ್ ಕೇರ್’ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗಿರುವುದನ್ನು ಮಾತ್ರ ಬಳಸಿ. ಹಣ ಸಿಕ್ಕಿಹಾಕಿಕೊಂಡವರನ್ನು ಕಾಯುತ್ತಾ ಕುಳಿತವರ ನಕಲಿ ಸಂಖ್ಯೆಗಳು ಅಲ್ಲಿ ಬೇಕಾದಷ್ಟು ಸಿಗುತ್ತವೆ. ಆಗ 1930 ನಿಜವಾಗಿಯೂ ಬೇಕಾಗುತ್ತದೆ.

ಕಾರ್ಕಳದವ

ಮಾಲೀಕರದ್ದು ಹಳೆಯ ಸಿಂಡಿಕೇಟ್ ಬ್ಯಾಂಕಿನ ಖಾತೆಯೇ? ಹಾಗಿದ್ದರೆ ಐಎಫ್‌ಎಸ್‌ಸಿ ಹಳೆಯದಿರಬೇಕು. ನಮ್ಮ ದೊಡ್ಡಮ್ಮ ಇಂದಿಗೂ ಸಿಂಡಿಕೇಟ್ ಪಾಸ್‌ಬುಕ್ಕನ್ನೇ ಸೆರಗಿನಲ್ಲಿ ಸುತ್ತಿ ತರುತ್ತಾರೆ. ಅದರಲ್ಲಿ SYNB ಎಂದು ಇರುತ್ತದೆ. ಆ ಕೋಡ್ ಹಾಕಿದರೆ ಹಣ ಎಲ್ಲಿಗೂ ಹೋಗುವುದಿಲ್ಲ. ನಮ್ಮೂರಿನ ಬ್ಯಾಂಕುಗಳನ್ನೆಲ್ಲ ವಿಲೀನ ಮಾಡಿ ನಮ್ಮ ತಲೆಯ ಮೇಲೆ ಕುಳಿತುಕೊಂಡರು, ಕಾರ್ಪೊರೇಷನ್ ಹೋಯಿತು, ವಿಜಯಾ ಹೋಯಿತು, ಇನ್ನು ಉಳಿದಿರುವುದು ಯಾವುದು ಹೇಳಿ.

ಕ್ಲಿಯರಿಂಗ್ ಭಟ್

ಒಳ್ಳೆಯ ಊಹೆ, ಆದರೆ ಇಲ್ಲಿ ಹೊಂದುವುದಿಲ್ಲ. SYNB ಕೋಡುಗಳು 2021ರ ಜುಲೈ 1ರಿಂದ ನಿಂತಿವೆ. ಈಗ ಅಂಥ ಕೋಡ್ ಹಾಕಿದರೆ ಬಹುತೇಕ ಆ್ಯಪ್‌ಗಳು ಖಾತೆ ಸೇರಿಸುವ ಹಂತದಲ್ಲೇ ನಿರಾಕರಿಸುತ್ತವೆ. ದೊಡ್ಡಮ್ಮನವರಿಗೆ ಹೇಳಿ: ಹಳೆಯ ಸಂಖ್ಯೆಗೆ 10,000 ಕೂಡಿಸಿ ಮುಂದೆ ಕೆನರಾ ಬ್ಯಾಂಕಿನ CNRB ಹಾಕಿದರೆ ಹೊಸ ಕೋಡ್. ಕೊನೆಯಲ್ಲಿ 3012 ಇದ್ದದ್ದು 13012 ಆಗುತ್ತದೆ. ಆದರೂ ಶಾಖೆಯಲ್ಲಿ ಒಮ್ಮೆ ಕೇಳಿಯೇ ಬಳಸಲಿ, ಶಾಖೆಗಳೂ ಒಂದರೊಳಗೊಂದು ಸೇರಿಹೋಗಿವೆ.

ಮಣಿಪಾಲದ ಅಮ್ಮ

ನಮ್ಮದೂ ಇದೇ ಕಥೆ, ಆದರೆ ಶಾಲಾ ಶುಲ್ಕದ್ದು. ಮಗಳ ಎರಡನೆಯ ಕಂತನ್ನು ಕಾರ್ಡಿನಿಂದ ಇಂಥದೇ ಒಂದು ಆ್ಯಪ್ ಮೂಲಕ ಕಟ್ಟಿದೆವು. ಶಾಲೆಯಿಂದ ಬಾಕಿ ಎಂದು ಮತ್ತೆ ಮತ್ತೆ ಸಂದೇಶ. ಮಗಳನ್ನು ತರಗತಿಯಲ್ಲಿ ನಿಲ್ಲಿಸಿ ಹೆಸರು ಕರೆದರಂತೆ, ಅದು ಬೇರೆಯೇ ಸಂಕಟ.

ನಾವೂ ಯುಟಿಆರ್ ತೆಗೆದುಕೊಂಡು ಶಾಲೆಯ ಕಚೇರಿಗೆ ಹೋದೆವು. ಗುಮಾಸ್ತೆ ಖಾತೆಯ ವಿವರದ ಹಾಳೆಗಳನ್ನು ತೆಗೆದು ಬೆರಳಿಟ್ಟು ನೋಡುತ್ತಾ ಬಂದರು. ಆ ತಾರೀಖಿನ ಮರುದಿನದ ಸಾಲಿನಲ್ಲಿ ಮೊತ್ತ ಸರಿಯಾಗಿ ಇತ್ತು, ಆದರೆ ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾವುದೋ ‘ಪೇಮೆಂಟ್ಸ್ ಪ್ರೈವೇಟ್ ಲಿಮಿಟೆಡ್’. ಮಗಳ ಹೆಸರಿಲ್ಲ, ನಮ್ಮ ಹೆಸರಿಲ್ಲ, ದಾಖಲಾತಿ ಸಂಖ್ಯೆಯೂ ಇಲ್ಲ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದರು. ಅದೇ ಹಾಳೆಯಲ್ಲಿ ಇನ್ನೂ ಕೆಲವು ಅಂಥ ಚಿಹ್ನೆಗಳಿದ್ದವು. ಅವು ಯಾರ ಮಕ್ಕಳದ್ದೋ!

ಬಿಜೈಯವರೇ, ನಿಮ್ಮ ಮಾಲೀಕರು ನಿಮ್ಮ ಹೆಸರನ್ನು ಹುಡುಕುತ್ತಿರಬಹುದು. ಹೆಸರು ಬಿಟ್ಟು 18,000 ಎಂಬ ಮೊತ್ತವನ್ನು ಹುಡುಕಲು ಹೇಳಿ.

ಬಿಜೈ ಬಾಡಿಗೆದಾರ

ಎಲ್ಲರಿಗೂ ಧನ್ಯವಾದ. ಅಮ್ಮ ಹೇಳಿದಂತೆ ಮಾಲೀಕರು ಮೊತ್ತವನ್ನು ಹುಡುಕಿದರು, ಇಲ್ಲ. ಆ್ಯಪ್‌ನವರು ಚಾಟ್‌ನಲ್ಲಿ 12 ಅಂಕಿಯ ಒಂದು ಸಂಖ್ಯೆ ಕೊಟ್ಟು ಇದೇ ಯುಟಿಆರ್ ಎಂದರು. ಮಾಲೀಕರ ಅಕ್ಕ ಕದ್ರಿಯಲ್ಲಿದ್ದಾರೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡು ಬ್ಯಾಂಕಿಗೆ ಹೋದರು. ಇಂಥ ಸಂಖ್ಯೆಯೇ ನಮ್ಮಲ್ಲಿ ಇಲ್ಲ ಎಂದು ಕಳುಹಿಸಿದ್ದಾರೆ. ಈಗ ಅಕ್ಕನೂ ನನ್ನ ಮೇಲೆ ಅನುಮಾನ ಪಡುತ್ತಿದ್ದಾರೆ.

ಕ್ಲಿಯರಿಂಗ್ ಭಟ್

ಹನ್ನೆರಡು ಅಂಕಿ ಎಂದ ಕೂಡಲೇ ಎಡವಟ್ಟು ಎಲ್ಲಿದೆ ಎಂದು ಅನುಮಾನ ಬಂತು. ಐಎಂಪಿಎಸ್ ವರ್ಗಾವಣೆಗೆ 12 ಅಂಕಿಯ ಸಂಖ್ಯೆ ಇರುತ್ತದೆ. ಆದರೆ ಕಾರ್ಡ್ ಉಜ್ಜಿದಾಗಲೂ, ಆನ್‌ಲೈನಿನಲ್ಲಿ ಬಳಸಿದಾಗಲೂ ಹುಟ್ಟುವ ಉಲ್ಲೇಖ ಸಂಖ್ಯೆಯೂ 12 ಅಂಕಿಯದ್ದೇ. ಚಾಟ್‌ನಲ್ಲಿ ಕುಳಿತ ಹುಡುಗರ ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಅವರು ನಿಮಗೆ ಮೊದಲನೆಯ ಪಾವತಿಯ ಸಂಖ್ಯೆ ಕೊಟ್ಟಿರಬಹುದು. ಅದನ್ನು ಮಾಲೀಕರ ಬ್ಯಾಂಕಿನಲ್ಲಿ ಯುಗಾದಿಯಿಂದ ದೀಪಾವಳಿಯವರೆಗೆ ಹುಡುಕಿದರೂ ಸಿಗುವುದಿಲ್ಲ.

ನಿಮ್ಮ ಕಾರ್ಡ್ ಬ್ಯಾಂಕಿನವರು ಆ ವ್ಯವಹಾರಕ್ಕೆ ಕೊಡುವ ಉಲ್ಲೇಖ ಸಂಖ್ಯೆಯನ್ನು ಕೇಳಿ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಸಂಶಯವೇ ಇಲ್ಲ.

ಎನ್‌ಇಎಫ್‌ಟಿಯಾದರೆ ಯುಟಿಆರ್ ಸಾಮಾನ್ಯವಾಗಿ 16 ಅಕ್ಷರಗಳದ್ದು. ಹೆಚ್ಚಾಗಿ ಮೊದಲ ನಾಲ್ಕು ಅಕ್ಷರ ಹಣ ಕಳುಹಿಸಿದ ಬ್ಯಾಂಕಿನದ್ದು, ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರಗಳಂತೆ. ಅದನ್ನು ನೋಡಿದರೆ ಆ್ಯಪ್‌ನ ಎಸ್ಕ್ರೊ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಚಾಟ್ ಬಿಡಿ. ಆ್ಯಪ್‌ನ ವೆಬ್‌ಸೈಟಿನ ಕೆಳತುದಿಯಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಇರುತ್ತದೆ. ಅಲ್ಲಿಗೆ ಹೀಗೆ ಬರೆಯಿರಿ:

‘ಇಂಥ ತಾರೀಖು ಇಂಥ ಆರ್ಡರ್ ಸಂಖ್ಯೆಯಡಿ ನನ್ನ ಕಾರ್ಡಿನಿಂದ 18,318.60 ರೂಪಾಯಿ ಪಡೆದಿದ್ದೀರಿ. 18,000 ರೂಪಾಯಿ ಫಲಾನುಭವಿಯ ಖಾತೆಗೆ ಜಮೆಯಾಗಿಲ್ಲ. ಕಾರ್ಡ್ ಪಾವತಿಯ ಉಲ್ಲೇಖ ಸಂಖ್ಯೆ ಬೇಡ. ಫಲಾನುಭವಿಗೆ ನೀವು ಮಾಡಿದ ವರ್ಗಾವಣೆಯ ಯುಟಿಆರ್, ಅದನ್ನು ಕಳುಹಿಸಿದ ಬ್ಯಾಂಕ್, ತಾರೀಖು ಮತ್ತು ಸಮಯ, ಎನ್‌ಇಎಫ್‌ಟಿಯೋ ಐಎಂಪಿಎಸೋ ಎಂಬುದು, ಹಣವನ್ನು ಯಾವ ಖಾತೆಗೆ ಕಳುಹಿಸಿದಿರೋ ಅದರ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಮತ್ತು ಆ ವರ್ಗಾವಣೆ ನಿಮಗೆ ಹಿಂದಿರುಗಿ ಬಂದಿದೆಯೇ ಎಂಬುದನ್ನು ತಿಳಿಸಿ.’

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದನ್ನು ಕೇಳದಿದ್ದರೆ ಅವರು ಹೇಳುವುದಿಲ್ಲ.

ಕುಂಜಿಬೆಟ್ಟು ಕಿರಣ

ಭಟ್ಟರೇ, ಒಪ್ಪಿದೆ. ಆದರೆ ಇನ್ನೊಂದು ಸಾಧ್ಯತೆ ಇದೆಯಲ್ಲ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಕಾರ್ಡಿನಿಂದ ಬಾಡಿಗೆ ಕಟ್ಟುವುದನ್ನು ನಿಷೇಧಿಸಿತು. ಹಾಗಾಗಿ ಹಣ ತಡೆಹಿಡಿದಿರಬೇಕು.

ಕ್ಲಿಯರಿಂಗ್ ಭಟ್

ಬಾಡಿಗೆ ಎಂದು ಹೆಸರಿಟ್ಟು ನಿಷೇಧಿಸಿಲ್ಲ. ಸೆಪ್ಟೆಂಬರ್ 15ರ ಆ ನಿರ್ದೇಶನದ ಸಾರ ಇಷ್ಟು: ಹಣ ಸಂಗ್ರಹಿಸಿ ಕೊಡುವ ಕಂಪನಿ ತಾನು ಪರಿಶೀಲಿಸಿ ಸೇರಿಸಿಕೊಂಡ, ತನ್ನೊಂದಿಗೆ ಒಪ್ಪಂದವಿರುವ ವ್ಯಾಪಾರಿಗಳಿಗಾಗಿ ಮಾತ್ರ ಹಣ ಪಡೆಯಬಹುದು. ಮನೆ ಮಾಲೀಕರು ಸಾಮಾನ್ಯವಾಗಿ ಅಂಥ ವ್ಯಾಪಾರಿಗಳಲ್ಲ. ಅದಕ್ಕೇ ಹಲವು ಆ್ಯಪ್‌ಗಳು ಆಗ ಈ ಸೇವೆಯನ್ನು ನಿಲ್ಲಿಸಿದವು. ಉಳಿದವು ಮಾಲೀಕರ ಪ್ಯಾನ್, ಬಾಡಿಗೆ ಕರಾರು ಎಲ್ಲವನ್ನೂ ಕೇಳುತ್ತವೆ. ಪರಿಶೀಲನೆ ಮುಗಿಯದೆ ಹಣ ನಿಲ್ಲುವುದು ಉಂಟು. ಆದರೆ ಅದಾದರೆ ಆ್ಯಪ್‌ನಲ್ಲಿ ‘ದಾಖಲೆ ಬಾಕಿ’ ಎಂಬ ಸೂಚನೆ ಇರಬೇಕು. ಬಿಜೈಯವರು ಹಾಗೆ ಬರೆದಿಲ್ಲ. ನೋಡೋಣ.

ಬಿಜೈ ಬಾಡಿಗೆದಾರ

ಉತ್ತರ ಬಂತು. ಭಟ್ಟರು ಹೇಳಿದ್ದೇ ಸರಿ, ಮೊದಲು ಕೊಟ್ಟದ್ದು ಕಾರ್ಡಿನ ಸಂಖ್ಯೆ. ಈಗ 16 ಅಕ್ಷರಗಳ ಯುಟಿಆರ್ ಕೊಟ್ಟಿದ್ದಾರೆ, 3ನೇ ತಾರೀಖು ಬೆಳಿಗ್ಗೆ ಎನ್‌ಇಎಫ್‌ಟಿ ಮಾಡಿದ್ದಾರಂತೆ. ಹಿಂದಿರುಗಿದೆಯೇ ಎಂಬ ಪ್ರಶ್ನೆಗೆ ‘ಪರಿಶೀಲಿಸುತ್ತಿದ್ದೇವೆ’ ಎಂದಿದ್ದಾರೆ.

ಅಕ್ಕ ಅದನ್ನು ಹಿಡಿದು ಮತ್ತೆ ಬ್ಯಾಂಕಿಗೆ ಹೋದರು. ಈ ಸಲ ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿ, ಬಂದದ್ದು ಹೌದು, ಅದೇ ದಿನ ಹಿಂದಿರುಗಿಸಿದ್ದೇವೆ, ಇದು ಎನ್‌ಆರ್‌ಇ ಖಾತೆ ಎಂದರಂತೆ. ಮಾಲೀಕರನ್ನು ಕೇಳಿದಾಗ ವಿಷಯ ತಿಳಿಯಿತು. ಹಿಂದಿನ ತಿಂಗಳು ಊರಿಗೆ ಬಂದಿದ್ದಾಗ ಅವರ ಹಳೆಯ ಉಳಿತಾಯ ಖಾತೆಯನ್ನು ಬ್ಯಾಂಕಿನವರು ಬದಲಾಯಿಸಿ ಎರಡು ಖಾತೆ ಮಾಡಿಕೊಟ್ಟಿದ್ದಾರೆ. ನನಗೆ ವಾಟ್ಸ್ಆ್ಯಪ್‌ನಲ್ಲಿ ಹೊಸ ಸಂಖ್ಯೆ ಕಳುಹಿಸಿದ್ದರು, ನಾನು ಅದನ್ನು ಆ್ಯಪ್‌ನಲ್ಲಿ ಹಾಕಿದ್ದೆ. ಎರಡರಲ್ಲಿ ಯಾವುದಕ್ಕೆ ಬಾಡಿಗೆ ಬರಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮಸ್ಕತ್ ಶೆಟ್ಟಿ

ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟು ಗಲ್ಫ್‌ನಲ್ಲಿರುವ ನಮ್ಮಂಥವರಿಗೆ ಇದು ಹೊಸದಲ್ಲ. ಎನ್‌ಆರ್‌ಇ ಖಾತೆ ಇರುವುದು ಹೊರದೇಶದಿಂದ ಕಳುಹಿಸಿದ ಸಂಪಾದನೆಗೆ. ಭಾರತದಲ್ಲೇ ಹುಟ್ಟಿದ ಹಣ, ಅಂದರೆ ಬಾಡಿಗೆ, ತೋಟದ ಉತ್ಪತ್ತಿ, ಪಿಂಚಣಿ, ಇವು ಎನ್‌ಆರ್‌ಒ ಖಾತೆಗೆ ಬರಬೇಕು. ಊರಿನ ಖಾತೆಯಿಂದ ಎನ್‌ಆರ್‌ಇಗೆ ಸೀದಾ ಕಳುಹಿಸಿದರೆ ಬಹುತೇಕ ಬ್ಯಾಂಕುಗಳು ವಾಪಸ್ ಎಸೆಯುತ್ತವೆ. ತೆರಿಗೆಯ ಕಾಗದ ತೋರಿಸಿ ಬ್ಯಾಂಕನ್ನು ಒಪ್ಪಿಸಿದರೆ ಸಾಧ್ಯವಂತೆ, ಆದರೆ 18,000 ರೂಪಾಯಿಗೆ ಯಾರು ಆ ಕೆಲಸ ಮಾಡುತ್ತಾರೆ?

ಆದರೆ ತಮ್ಮಾ, ನಿನ್ನ ತಲೆಯ ಮೇಲೆ ಇದಕ್ಕಿಂತ ದೊಡ್ಡ ಕಲ್ಲಿದೆ. ಮಾಲೀಕರು ಅನಿವಾಸಿ ಎಂದಾದರೆ ಬಾಡಿಗೆ ಕೊಡುವಾಗ ನೀನು ಟಿಡಿಎಸ್ ಕಡಿತ ಮಾಡಬೇಕು. ಶೇ 30, ಅದರ ಮೇಲೆ ಸೆಸ್, ಒಟ್ಟು ಶೇ 31.2. ಮಾಡುತ್ತಿದ್ದೀಯಾ?

ಕುಂಜಿಬೆಟ್ಟು ಕಿರಣ

ಶೆಟ್ಟರೇ, ಹೆದರಿಸಬೇಡಿ. ತಿಂಗಳಿಗೆ 50,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಇದ್ದರೆ ಮಾತ್ರ ಟಿಡಿಎಸ್, ಅದೂ ಶೇ 2.

ಮಸ್ಕತ್ ಶೆಟ್ಟಿ

ಅದು ಮಾಲೀಕರು ಇಲ್ಲಿಯೇ ವಾಸವಾಗಿದ್ದರೆ. ಅನಿವಾಸಿಗೆ ಕೊಡುವ ಬಾಡಿಗೆಗೆ ಆ 50,000ದ ಮಿತಿ ಇಲ್ಲ.

ಬಿಜೈ ಬಾಡಿಗೆದಾರ

ಇದು ನನಗೂ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ಬಿಕರ್ನಕಟ್ಟೆಯ ಒಬ್ಬ ಲೆಕ್ಕಪರಿಶೋಧಕರ ಬಳಿ ಹೋಗುತ್ತೇವೆ. ಈಗ ಮೊದಲು ಈ 18,000ದ ದಾರಿ ಹೇಳಿ. ಹಣ ಅದೇ ದಿನ ಹಿಂದಿರುಗಿದ್ದರೆ ಆ್ಯಪ್‌ನವರು ಇಷ್ಟು ದಿನ ಯಾಕೆ ‘ಯಶಸ್ವಿ’ ಎನ್ನುತ್ತಿದ್ದರು?

ಕ್ಲಿಯರಿಂಗ್ ಭಟ್

ಎನ್‌ಇಎಫ್‌ಟಿಯ ಸ್ವಭಾವವೇ ಹಾಗೆ. ಅರ್ಧ ಗಂಟೆಗೊಂದು ಬ್ಯಾಚ್ ಹೋಗುತ್ತದೆ. ಬ್ಯಾಚ್ ಹೊರಟಾಗ ಕಳುಹಿಸಿದವರ ಕಡೆ ಕೆಲಸ ಮುಗಿದಂತೆ ದಾಖಲಾಗುತ್ತದೆ. ಪಡೆದ ಬ್ಯಾಂಕ್ ಜಮೆ ಮಾಡಲಾಗದಿದ್ದರೆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು. ಹಿಂದಿರುಗಿದ ಹಣ ಎಸ್ಕ್ರೊ ಖಾತೆಗೆ ಹೊಸದೊಂದು ಜಮೆಯ ರೂಪದಲ್ಲಿ ಬಂದು ಬೀಳುತ್ತದೆ. ಅದನ್ನು ಹಳೆಯ ಆರ್ಡರಿನೊಂದಿಗೆ ತಾಳೆ ಹಾಕುವ ಕೆಲಸ ಕಂಪನಿಯದ್ದು. ಆ ತಾಳೆ ತಪ್ಪಿದರೆ ನಿಮ್ಮ ಆರ್ಡರ್ ‘ಯಶಸ್ವಿ’ ಎಂದೇ ಉಳಿಯುತ್ತದೆ, ಹಣ ಅವರ ಖಾತೆಯಲ್ಲಿ ಹೆಸರಿಲ್ಲದೆ ಬಿದ್ದಿರುತ್ತದೆ. ಮಣಿಪಾಲದ ಅಮ್ಮ ಕಂಡ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅಂಥದ್ದೇ ಒಂದು ಆ ಕಂಪನಿಯ ಲೆಕ್ಕದಲ್ಲಿ ಈಗ ಇದೆ. ಐಎಂಪಿಎಸ್ ಮಾಡಿದ್ದರೆ ಸಾಮಾನ್ಯವಾಗಿ ನಿಂತ ಕಾಲಿನಲ್ಲೇ ನಿರಾಕರಣೆ ಬರುತ್ತಿತ್ತು, ಇಷ್ಟು ಗೊಂದಲವಾಗುತ್ತಿರಲಿಲ್ಲ.

ರಜೆ ಇತ್ತು, ಭಾನುವಾರ ಇತ್ತು ಎಂಬ ಸಬೂಬನ್ನು ಒಪ್ಪಬೇಡಿ. 2019ರ ಡಿಸೆಂಬರ್ 16ರಿಂದ ಎನ್‌ಇಎಫ್‌ಟಿ ಹಗಲು ರಾತ್ರಿ, ವರ್ಷದ ಎಲ್ಲ ದಿನವೂ ನಡೆಯುತ್ತದೆ.

ಈಗ ಮಾಲೀಕರ ಬ್ಯಾಂಕಿನಿಂದ ‘ಈ ಯುಟಿಆರ್ ಇಂಥ ತಾರೀಖು ಹಿಂದಿರುಗಿಸಲಾಗಿದೆ’ ಎಂದು ಒಂದು ಸಾಲಿನ ಇಮೇಲ್ ಅಥವಾ ಪತ್ರ ಪಡೆಯಲು ಅಕ್ಕನಿಗೆ ಹೇಳಿ. ಖಾತೆ ಮಾಲೀಕರದ್ದಾದ್ದರಿಂದ ಕೋರಿಕೆ ಅವರ ನೋಂದಾಯಿತ ಇಮೇಲಿನಿಂದಲೇ ಹೋಗಲಿ. ಆ ಒಂದು ಸಾಲು ಕೈಯಲ್ಲಿದ್ದರೆ ‘ಪರಿಶೀಲಿಸುತ್ತಿದ್ದೇವೆ’ ಎನ್ನಲು ಅವರಿಗೆ ಜಾಗ ಇರುವುದಿಲ್ಲ.

ಆ್ಯಪ್‌ಗೆ ಬರೆಯುವಾಗ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಿ: ಕಾರ್ಡಿಗೆ ಮರುಪಾವತಿ, ಇಲ್ಲವೇ ಎನ್‌ಆರ್‌ಒ ಖಾತೆಗೆ ಮರುವರ್ಗಾವಣೆ. ಎರಡನ್ನೂ ಕೇಳಿದರೆ ಇನ್ನಷ್ಟು ಗೋಜಲು. ನನ್ನ ಮಾತು ಕೇಳುವುದಾದರೆ ಮಾಲೀಕರಿಗೆ ಬಾಡಿಗೆಯನ್ನು ನಿಮ್ಮ ಉಳಿತಾಯ ಖಾತೆಯಿಂದ ಎನ್‌ಆರ್‌ಒಗೆ ಕಳುಹಿಸಿಬಿಡಿ, ಆ್ಯಪ್‌ನಿಂದ ಮರುಪಾವತಿ ಕೇಳಿ. ಕರಾರಿನ ಪ್ರಕಾರ ಬಾಡಿಗೆ ಬಾಕಿ ಇರುವುದು ನಿಮ್ಮದು, ಆ್ಯಪ್‌ನದ್ದಲ್ಲ. ಮಾಲೀಕರು ಕಾಯುತ್ತಾರೆ ಎಂದರೆ ಅದು ಅವರ ದೊಡ್ಡತನ.

ಬಿಜೈ ಬಾಡಿಗೆದಾರ

ಕಾರ್ಡಿನ ಬಿಲ್ಲು? ತಲುಪದ ಹಣಕ್ಕೆ ನಾನು ಯಾಕೆ ಕಟ್ಟಬೇಕು?

ವಕೀಲೆ, ಕೊಡಿಯಾಲ್‌ಬೈಲ್

ಸಿಟ್ಟು ನ್ಯಾಯವೇ, ಆದರೂ ಕಟ್ಟಿಬಿಡಿ. ವಂಚನೆಯ ವ್ಯವಹಾರ ಎಂದು ತಕರಾರು ಮಾಡಿದರೆ ಅದು ಬಗೆಹರಿಯುವ ತನಕ ಶುಲ್ಕ ಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳುತ್ತದೆ. ನಿಮ್ಮದು ವಂಚನೆಯಲ್ಲ. ಬಡ್ಡಿ ತಪ್ಪಿಸಿಕೊಳ್ಳಲು ವಂಚನೆ ಎಂದು ಬರೆದು ಕೊಡಬೇಡಿ, ಮುಂದೆ ಅದೇ ಕಾಗದ ನಿಮ್ಮ ವಿರುದ್ಧ ನಿಲ್ಲುತ್ತದೆ. ಮರುಪಾವತಿ ಬಿಲ್ಲಿನ ಕೊನೆಯ ದಿನಕ್ಕೆ ಮೊದಲು ಬಂದರೆ ಅದನ್ನು ಕೂಡಲೇ ಬಾಕಿಯಲ್ಲಿ ವಜಾ ಮಾಡಿ ನಿಮಗೆ ತಿಳಿಸಬೇಕು ಎಂದೂ ಅದೇ ನಿರ್ದೇಶನದಲ್ಲಿದೆ. 20ರ ಒಳಗೆ ಬರದಿದ್ದರೆ ಪೂರ್ತಿ ಕಟ್ಟಿ. 18,000ಕ್ಕಾಗಿ ಇಡೀ ಬಿಲ್ಲಿನ ಮೇಲೆ ಬಡ್ಡಿ ಹೊತ್ತುಕೊಳ್ಳುವುದರಲ್ಲಿ ಜಾಣತನವಿಲ್ಲ.

ಜೊತೆಗೆ ಕಾರ್ಡ್ ಬ್ಯಾಂಕಿನಲ್ಲಿ ‘ಸೇವೆ ಒದಗಿಸಿಲ್ಲ’ ಎಂಬ ಕಾರಣದ ತಕರಾರು ದಾಖಲಿಸುವ ಹಕ್ಕು ನಿಮಗಿದೆ. ‘ವ್ಯವಹಾರ ಯಶಸ್ವಿ, ಏನೂ ಮಾಡಲಾಗದು’ ಎಂಬ ಉತ್ತರ ಅದಕ್ಕೆ ಸಲ್ಲುವುದಿಲ್ಲ. ವ್ಯವಹಾರ ಯಶಸ್ವಿಯಾಗಿಯೂ ಸೇವೆ ಸಿಗದಿರುವುದೇ ಅಲ್ಲಿನ ದೂರು. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ 120 ದಿನಗಳ ಗಡುವು ಎನ್ನುತ್ತಾರೆ, ಆದರೆ ಬ್ಯಾಂಕುಗಳು ತಮ್ಮೊಳಗೆ ಇನ್ನೂ ಕಡಿಮೆ ದಿನ ಇಟ್ಟುಕೊಂಡಿರುತ್ತವೆ, ತಡಮಾಡಬೇಡಿ.

ಕ್ಲಿಯರಿಂಗ್ ಭಟ್

ವಕೀಲೆಯವರ ಮಾತಿಗೆ ಒಂದು ತಿದ್ದುಪಡಿ. ಆ್ಯಪ್‌ನವರು ಮರುಪಾವತಿ ಒಪ್ಪಿಕೊಂಡ ಮೇಲೆ ಕಾರ್ಡ್ ತಕರಾರು ಹಾಕಬೇಡಿ. ತಕರಾರು ಬಂದ ಕೂಡಲೇ ಕಂಪನಿಗಳು ಆ ಆರ್ಡರನ್ನು ಬೀಗ ಹಾಕಿ ಇಡುತ್ತವೆ, ಮರುಪಾವತಿ ನಿಲ್ಲುತ್ತದೆ. ಮೊದಲು ಒಂದು ಗಡುವು ಕೊಟ್ಟು ಬರೆಯಿರಿ, ಅದು ದಾಟಿದರೆ ತಕರಾರು.

ವಕೀಲೆ, ಕೊಡಿಯಾಲ್‌ಬೈಲ್

ನನಗೆ ಅಷ್ಟು ನಂಬಿಕೆ ಇಲ್ಲ ಭಟ್ಟರೇ. ‘ಮರುಪಾವತಿ ಆಗುತ್ತದೆ’ ಎನ್ನುತ್ತಾ ಗಡುವು ಮುಗಿಯುವ ತನಕ ಎಳೆದ ಕಂಪನಿಗಳನ್ನು ಕಂಡಿದ್ದೇನೆ. ಬರವಣಿಗೆಯಲ್ಲಿ ತಾರೀಖು ಕೊಟ್ಟರೆ ಕಾಯಬಹುದು, ಬಾಯಿಮಾತಿಗೆ ಕಾಯಬಾರದು.

ಕಾರ್ಕಳದವ

ನೇರವಾಗಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದರೆ ಆಗುವುದಿಲ್ಲವೇ? cms.rbi.org.in ಎಂದು ಇದೆಯಲ್ಲ.

ವಕೀಲೆ, ಕೊಡಿಯಾಲ್‌ಬೈಲ್

ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಬೇಕು. 30 ದಿನ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ತೃಪ್ತಿ ತರದಿದ್ದರೆ ಅಲ್ಲಿಗೆ. ಕಾರ್ಡ್ ಬ್ಯಾಂಕಿನ ವಿರುದ್ಧದ ದೂರು ಅಲ್ಲಿ ಸಲ್ಲುತ್ತದೆ. ಆ್ಯಪ್ ಕಂಪನಿಯ ವಿರುದ್ಧ ನೇರವಾಗಿ ಸಲ್ಲುತ್ತದೆಯೇ ಎಂಬುದು ಆ ಕಂಪನಿಗೆ ಯಾವ ಪರವಾನಗಿ ಇದೆ ಎಂಬುದರ ಮೇಲೆ ನಿಂತಿದೆ. ಎಷ್ಟೋ ಆ್ಯಪ್‌ಗಳು ಬರೀ ಮುಖ, ಹಿಂದೆ ಹಣ ಹಿಡಿಯುವ ಕಂಪನಿ ಬೇರೆ. ಕಾರ್ಡ್ ವಿವರದಲ್ಲಿ ಬಂದಿರುವ ಹೆಸರು ಯಾರದ್ದು ಎಂದು ನೋಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಈಗಲೇ ದೂರು ಕೊಡಬಹುದು, 30 ದಿನ ಕಾಯಬೇಕಿಲ್ಲ. ಅದಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲ, ಆದರೆ ಅಲ್ಲಿಂದ ದೂರು ಹೋದರೆ ಕೆಲವು ಕಂಪನಿಗಳು ಎದ್ದು ಕೂರುತ್ತವೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ಕುಂಜಿಬೆಟ್ಟು ಕಿರಣ

ಸರ್ವರ್ ಮೂಲಕ ಹಣ ಎರಡು ಗಂಟೆಯಲ್ಲಿ ಹಿಂದಿರುಗುತ್ತದೆ, ಮನುಷ್ಯರ ಮೂಲಕ ಎರಡು ವಾರ. ಇದಕ್ಕೆ ದಂಡವೇ ಇಲ್ಲವೇ?

ಕ್ಲಿಯರಿಂಗ್ ಭಟ್

ಎನ್‌ಇಎಫ್‌ಟಿಯಲ್ಲಿ ಬ್ಯಾಂಕ್ ತಡಮಾಡಿದರೆ ರೆಪೊ ದರಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಇಲ್ಲಿ ಬ್ಯಾಂಕ್ ತಡಮಾಡಿಲ್ಲ, ಅದೇ ದಿನ ಹಿಂದಿರುಗಿಸಿದೆ. ತಡ ಆಗಿರುವುದು ಕಂಪನಿಯಲ್ಲಿ. ಅವರಿಂದ ವಸೂಲು ಮಾಡುವುದು ವಕೀಲೆಯವರ ಕ್ಷೇತ್ರ.

ಬಿಜೈ ಬಾಡಿಗೆದಾರ

ಮಾಲೀಕರ ಬ್ಯಾಂಕಿನ ಒಂದು ಸಾಲಿನ ಇಮೇಲ್ ಲಗತ್ತಿಸಿ ಬರೆದೆ, 1915ರಲ್ಲೂ ದೂರು ದಾಖಲಿಸಿದೆ. ಯಾವುದರಿಂದ ಎಚ್ಚೆತ್ತರೋ ತಿಳಿಯದು, ಮರುಪಾವತಿ ಮಾಡಿದ್ದೇವೆ ಎಂದು ಕಾರ್ಡ್ ಮರುಪಾವತಿಯ ಜಾಡು ಹಿಡಿಯುವ 23 ಅಂಕಿಯ ಎಆರ್‌ಎನ್ ಸಂಖ್ಯೆ ಕಳುಹಿಸಿದರು. ಅದನ್ನು ಕಾರ್ಡ್ ಬ್ಯಾಂಕಿಗೆ ಕೊಟ್ಟಾಗ ಅವರಿಗೂ ಹಣ ಕಂಡಿತು. ಬಿಲ್ಲಿನಲ್ಲಿ 18,000 ವಜಾ ಆಗಿದೆ. ಮಾಲೀಕರ ಎನ್‌ಆರ್‌ಒಗೆ ಬಾಡಿಗೆ ಕಳುಹಿಸಿದ್ದೇನೆ. ಅಕ್ಕ ಈಗ ಮಾತನಾಡಿಸುತ್ತಾರೆ.

ಆದರೆ ಶುಲ್ಕದ 318.60 ಬಂದಿಲ್ಲ. ‘ಖಾತೆ ವಿವರ ನೀವೇ ಕೊಟ್ಟದ್ದು, ಶುಲ್ಕ ಮರುಪಾವತಿಗೆ ಅರ್ಹವಲ್ಲ’ ಎಂದಿದ್ದಾರೆ. ಕಾರ್ಡ್ ಬ್ಯಾಂಕ್ ಬಾಡಿಗೆ ವ್ಯವಹಾರಕ್ಕೆಂದು ಬೇರೆಯೇ ಶೇ 1 ಹಾಕಿದೆ, ಅದರ ಮೇಲೆ ಜಿಎಸ್‌ಟಿ. ಅದೂ ಹಾಗೆಯೇ ಇದೆ.

ವಕೀಲೆ, ಕೊಡಿಯಾಲ್‌ಬೈಲ್

ಖಾತೆ ಸಂಖ್ಯೆ ತಪ್ಪಿರಲಿಲ್ಲ, ಹೆಸರೂ ಸರಿ ಇತ್ತು. ಖಾತೆಯ ಬಗೆ ಮಾತ್ರ ಬೇರೆ. ಅದನ್ನು ಅವರು ಕೇಳಿಯೇ ಇಲ್ಲ ಎಂದಾದರೆ ವಾದಿಸಲು ಜಾಗವಿದೆ. ಹಿಂದಿರುಗಿದ ಹಣವನ್ನು ಇಟ್ಟುಕೊಂಡು ‘ಯಶಸ್ವಿ’ ಎಂದದ್ದು ಅದಕ್ಕಿಂತ ಬಲವಾದ ಅಂಶ. 318 ರೂಪಾಯಿಗೆ ಹೋರಾಡುವುದು ನಿಮ್ಮ ಇಷ್ಟ.

ಕ್ಲಿಯರಿಂಗ್ ಭಟ್

ನನಗೆ ಅನುಮಾನ. ಸೇವೆ ಒಪ್ಪಂದದಲ್ಲಿ ವಿವರಗಳ ಹೊಣೆ ಬಳಕೆದಾರರದ್ದು ಎಂದು ಬರೆದಿರುತ್ತಾರೆ. ಕಾರ್ಡ್ ಬ್ಯಾಂಕಿನ ಶೇ 1 ಮಾತ್ರ ಕೇಳಿ ನೋಡಿ. ಮೂಲ ವ್ಯವಹಾರವೇ ಹಿಂದಿರುಗಿದ ಮೇಲೆ ಅದರ ಶುಲ್ಕ ಯಾಕೆ ಎಂದು ಬರೆದರೆ ಕೆಲವರು ಕೊಡುತ್ತಾರೆ. ತಾನಾಗಿ ಬರುವುದಿಲ್ಲ, ಬರೆದೇ ಕೇಳಬೇಕು. ಆ ವ್ಯವಹಾರಕ್ಕೆ ರಿವಾರ್ಡ್ ಅಂಕ ಬಂದಿದ್ದರೆ ಅದನ್ನು ಕಿತ್ತುಕೊಳ್ಳಲು ಮಾತ್ರ ಅವರು ನಿಮ್ಮ ಪತ್ರಕ್ಕಾಗಿ ಕಾಯುವುದಿಲ್ಲ.

ಮಣಿಪಾಲದ ಅಮ್ಮ

ನಾವು ಮೂರನೆಯ ಕಂತನ್ನು ಶಾಲೆಯ ಸ್ವಂತ ವೆಬ್‌ಸೈಟಿನಲ್ಲಿ ಕಾರ್ಡಿನಿಂದಲೇ ಕಟ್ಟಿದೆವು. ದಾಖಲಾತಿ ಸಂಖ್ಯೆ ಹಾಕದೆ ಮುಂದೆ ಹೋಗಲು ಅದು ಬಿಡುವುದಿಲ್ಲ, ರಸೀದಿ ಮಗಳ ಹೆಸರಿನಲ್ಲೇ ಬರುತ್ತದೆ. ನಮ್ಮ ಕಾರ್ಡಿನಲ್ಲಿ ಆ್ಯಪ್ ಮೂಲಕ ಕಟ್ಟಿದರೆ ಶೇ 1 ಶುಲ್ಕ, ಶಾಲೆಗೆ ನೇರವಾಗಿ ಕಟ್ಟಿದರೆ ಇಲ್ಲ. ಎಲ್ಲ ಕಾರ್ಡುಗಳಲ್ಲೂ ಹೀಗೆಯೇ?

ಮಸ್ಕತ್ ಶೆಟ್ಟಿ

ಎಲ್ಲದರಲ್ಲಿ ಇಲ್ಲ ಅಕ್ಕ, ಕಾರ್ಡಿನ ಶುಲ್ಕಪಟ್ಟಿಯನ್ನು ನೋಡಬೇಕು. ಬಿಜೈ ತಮ್ಮಾ, ಲೆಕ್ಕಪರಿಶೋಧಕರು ಟಿಡಿಎಸ್ ಬಗ್ಗೆ ಏನೆಂದರು? ನನ್ನ ಬಾಡಿಗೆದಾರನೂ ಇದನ್ನು ಓದುತ್ತಿದ್ದಾನೆ, ರಾತ್ರಿಯಿಂದ ಫೋನ್ ಎತ್ತುತ್ತಿಲ್ಲ.